ಹೊಸ ಶಾಖೆ ತೆರೆಯುವ ಮುನ್ನ ಬರೆಯಬೇಕಾದ ವರದಿ

ಪತ್ತಿನ ಸೌಹಾರ್ದ ಸಹಕಾರಿಗಳು ಹೊಸ ಶಾಖೆ ತೆರೆಯುವಾಗ ಆಡಳಿತ ಮಂಡಳಿಯ ಮುಂದೆ ಒಂದು ಕಾರ್ಯಸಾಧ್ಯತಾ ವರದಿ ಬರುತ್ತದೆ. ಎಷ್ಟೋ ಕಡೆ ಅದು ಬರುವ ಹೊತ್ತಿಗೆ ಕಟ್ಟಡ ನೋಡಿ ಆಗಿರುತ್ತದೆ, ಮುಂಗಡದ ಮಾತೂ ಮುಗಿದಿರುತ್ತದೆ. ಆಗ ವರದಿಗೆ ಉಳಿಯುವುದು ಒಪ್ಪಿಗೆ ಹೇಳುವ ಕೆಲಸ ಮಾತ್ರ. ‘ಈ ಶಾಖೆ ಬೇಡ’ ಎನ್ನಲು ಎಡೆಯಿಲ್ಲದ ವರದಿಯನ್ನು ಬರೆಸುವುದೇ ದುಂದು. ಅಲ್ಲಿ ಸೋಲುವುದು ಸದಸ್ಯರ ದುಡ್ಡು.

ಲೆಕ್ಕಕ್ಕೆಂದು ಒಂದು ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಮಲೆನಾಡಿನ ಜಿಲ್ಲಾ ಕೇಂದ್ರದಲ್ಲಿ ಅದರ ಪ್ರಧಾನ ಕಚೇರಿ. ನಲವತ್ತು ಕಿಲೋಮೀಟರ್ ದೂರದ ತಾಲ್ಲೂಕು ಪಟ್ಟಣದಲ್ಲಿ ಶಾಖೆ ತೆರೆಯುವ ಯೋಚನೆ. ಎಲ್ಲಕ್ಕಿಂತ ಮೊದಲು ಬೈಲಾ ತೆಗೆದು ನೋಡಬೇಕು. ಆ ತಾಲ್ಲೂಕು ಸಂಸ್ಥೆಯ ಕಾರ್ಯವ್ಯಾಪ್ತಿಯಲ್ಲಿ ಇಲ್ಲದಿದ್ದರೆ ತಿದ್ದುಪಡಿ ಆಗುವ ತನಕ ಉಳಿದ ಅಧ್ಯಾಯಗಳು ಕಾಯಬೇಕು.

ಬೇಡಿಕೆಯ ಅಧ್ಯಾಯ ಕೆಡುವುದು ಸಾಮಾನ್ಯವಾಗಿ ಪ್ರಶ್ನೆಯಿಂದಲೇ. ‘ನಮ್ಮ ಶಾಖೆ ಬಂದರೆ ಖಾತೆ ತೆರೆಯುತ್ತೀರಾ?’ ಎಂದು ಅಂಗಡಿಯವರನ್ನು ಕೇಳಿದರೆ ಮುಖ ಮುರಿಯಬಾರದೆಂದು ಎಲ್ಲರೂ ಹೂಂ ಅನ್ನುತ್ತಾರೆ. ಕೇಳಬೇಕಾದದ್ದು ಈಗಿನ ನಡವಳಿಕೆ: ಪಿಗ್ಮಿ ಕಟ್ಟುತ್ತೀರಾ, ಯಾರಿಗೆ, ದಿನಕ್ಕೆ ಎಷ್ಟು, ಕೊನೆಯ ಸಲ ಚಿನ್ನ ಅಡವಿಟ್ಟದ್ದು ಎಲ್ಲಿ, ಬಡ್ಡಿ ಎಷ್ಟು? ಪಿಗ್ಮಿ ಈ ನಾಡಿನ ಪೇಟೆಗಳಿಗೆ ಹಳೆಯ ನಂಟು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಅದನ್ನು ಶುರುಮಾಡಿತ್ತು. ಹಾಗಾಗಿ ಹೊಸ ಶಾಖೆ ಹೆಚ್ಚುಕಡಿಮೆ ಯಾವಾಗಲೂ ಇನ್ನೊಬ್ಬರ ಪಿಗ್ಮಿ ಏಜೆಂಟ್ ನಡೆದಾಡುವ ಬೀದಿಗೇ ಬರುತ್ತದೆ.

ಸಮೀಕ್ಷೆಯ ಕಾಲವನ್ನೂ ವರದಿ ಹೇಳಬೇಕು. ಅಡಿಕೆ ಸೀಮೆಯಲ್ಲಿ ಕೊಯ್ಲು ಮುಗಿದು ಮಾಲು ಮಾರಾಟವಾಗುವ ಬೇಸಿಗೆಯಲ್ಲಿ ಕೇಳಿದರೆ ಊರೆಲ್ಲ ಠೇವಣಿದಾರರಂತೆ ಕಾಣುತ್ತದೆ. ಮಳೆಗಾಲದಲ್ಲಿ ಕೇಳಿದರೆ ಊರೆಲ್ಲ ಸಾಲಗಾರರು. ಎರಡೂ ಹಂಗಾಮಿನಲ್ಲಿ ಕೇಳಲು ಆಗದಿದ್ದರೆ, ಆ ಭಾಗದ ಹಳೆಯ ಸದಸ್ಯರ ಖಾತೆಗಳಲ್ಲಿ ತಿಂಗಳವಾರು ಜಮೆ-ಖರ್ಚು ಹೇಗೆ ಏರಿಳಿದಿದೆ ಎಂದು ನೋಡಬಹುದು.

ಆ ಹಳೆಯ ಸದಸ್ಯರಲ್ಲೇ ಇನ್ನೊಂದು ತೊಡಕಿದೆ. ತಾಲ್ಲೂಕಿನ ಸದಸ್ಯರು ಪ್ರಧಾನ ಕಚೇರಿಯಲ್ಲಿ ಈಗಾಗಲೇ ಒಂದೂವರೆ ಕೋಟಿ ಠೇವಣಿ ಇಟ್ಟಿದ್ದಾರೆ ಎನ್ನೋಣ. ಶಾಖೆ ತೆರೆದ ಮೇಲೆ ಅದು ಹತ್ತಿರದ ಶಾಖೆಗೆ ವರ್ಗವಾಗುತ್ತದೆ. ವರ್ಷದ ಕೊನೆಗೆ ‘ನಾಲ್ಕು ಕೋಟಿ ಠೇವಣಿ ಸಂಗ್ರಹ’ ಎಂದು ಹಾರ ಹಾಕಿಸಿಕೊಂಡರೂ ಸಂಸ್ಥೆಗೆ ಹೊಸದಾಗಿ ಬಂದದ್ದು ಎರಡೂವರೆ ಕೋಟಿ ಮಾತ್ರ. ವರದಿಯ ಎಲ್ಲ ಲೆಕ್ಕವೂ ಹೊಸ ಹಣದ ಮೇಲೆ ನಿಲ್ಲಬೇಕು. ಇದೊಂದನ್ನು ಬಿಟ್ಟ ವರದಿಯಲ್ಲಿ ಉಳಿದ ಪುಟಗಳು ಎಷ್ಟು ಅಚ್ಚುಕಟ್ಟಾಗಿದ್ದರೂ ನಾನು ನಂಬುವುದಿಲ್ಲ.

ಈಗ ವೆಚ್ಚ. ಸಂಬಳ ಮತ್ತು ಪಿಎಫ್ ತಿಂಗಳಿಗೆ 95,000 ರೂಪಾಯಿ, ಬಾಡಿಗೆ 18,000, ವಿದ್ಯುತ್, ಇಂಟರ್ನೆಟ್, ತಂತ್ರಾಂಶಕ್ಕೆ 10,000, ವಿಮೆ ಮತ್ತು ಭದ್ರತೆಗೆ 7,000, ಇತರೆ 10,000. ಕೌಂಟರ್, ತಿಜೋರಿ, ಕ್ಯಾಮೆರಾ, ಕಂಪ್ಯೂಟರಿಗೆ ಹಾಕಿದ 15 ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 25,000. ಒಟ್ಟು 1.65 ಲಕ್ಷ, ವರ್ಷಕ್ಕೆ 19.8 ಲಕ್ಷ.

ಇದನ್ನು ಭರಿಸಲು ಎಷ್ಟು ಠೇವಣಿ ಬೇಕು? ಬಂದ ಪ್ರತಿ 100 ರೂಪಾಯಿಯಲ್ಲಿ 70ನ್ನು ಶೇ. 13ರ ಬಡ್ಡಿಗೆ ಸಾಲ ಕೊಟ್ಟು, 30ನ್ನು ಶೇ. 6.5ರಂತೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 11.05 ರೂಪಾಯಿ ಬರುತ್ತದೆ. ಪಿಗ್ಮಿ ಕಮಿಷನ್ ಸೇರಿ ಠೇವಣಿದಾರರಿಗಾಗಿ ತೆರುವುದು 8.50. ಸಾಲ ಮುಳುಗುವ ಸಂಭವಕ್ಕೆಂದು 35 ಪೈಸೆ ತೆಗೆದಿಟ್ಟರೆ ಉಳಿಯುವುದು 2.20. ಅಂದರೆ ಒಂದು ಲಕ್ಷ ಠೇವಣಿ ವರ್ಷಕ್ಕೆ 2,200 ರೂಪಾಯಿ ಉಳಿಸಿಕೊಡುತ್ತದೆ. 19.8 ಲಕ್ಷ ಹುಟ್ಟಬೇಕಾದರೆ 9 ಕೋಟಿ ಹೊಸ ಠೇವಣಿ ಬೇಕು, ಅದರಲ್ಲಿ 6.3 ಕೋಟಿ ಒಳ್ಳೆಯ ಸಾಲವಾಗಿ ಹೋಗಬೇಕು.

ಠೇವಣಿ ಬೇಗ ಬರಲೆಂದು ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಕೊಡುವುದು ಸಾಮಾನ್ಯ ಉಪಾಯ. ಆಗ ಉಳಿಯುವ 2.20 ಇಳಿದು 1.70 ಆಗುತ್ತದೆ, 9 ಕೋಟಿಯ ಗುರಿ ಏರಿ 11.65 ಕೋಟಿಗೆ ಹೋಗುತ್ತದೆ.

ಗುರಿ ಒಂದೇ ದಿನಕ್ಕೆ ಮುಟ್ಟುವುದಿಲ್ಲ. ಹೊಸ ಠೇವಣಿಯ ಸರಾಸರಿ ಮೊದಲ ವರ್ಷ 2 ಕೋಟಿ, ಎರಡನೆಯ ವರ್ಷ 5, ಮೂರನೆಯ ವರ್ಷ 8 ಎಂದಿಟ್ಟುಕೊಂಡರೆ ನಷ್ಟ ಅನುಕ್ರಮವಾಗಿ 15.4, 8.8 ಮತ್ತು 2.2 ಲಕ್ಷ. ವೆಚ್ಚ ಏರದೆ ನಿಂತರೂ ಮೂರು ವರ್ಷಕ್ಕೆ 26.4 ಲಕ್ಷ. ಇದನ್ನು ತುಂಬಿಕೊಡುವವರು ಪ್ರಧಾನ ಕಚೇರಿಯ ಸದಸ್ಯರು. ಅವರ ಡಿವಿಡೆಂಡ್ ಎಷ್ಟು ಕಡಿಮೆಯಾದೀತು ಎಂಬುದನ್ನೂ ಇದೇ ಅಧ್ಯಾಯದಲ್ಲಿ ಬರೆಯಬೇಕು.

ಸಿಬ್ಬಂದಿಯ ವಿಷಯದಲ್ಲಿ ‘ಮೊದಲಿಗೆ ಇಬ್ಬರು ಸಾಕು’ ಎಂಬ ಮಾತು ಬಂದೇ ಬರುತ್ತದೆ. ಕೆಲಸದ ಹೊರೆ ನೋಡಿದರೆ ಅದು ನಿಜ. ಆದರೆ ತಿಜೋರಿಗೆ ಎರಡು ಕೀ. ಒಂದು ವ್ಯವಸ್ಥಾಪಕರಲ್ಲಿ, ಇನ್ನೊಂದು ಕ್ಯಾಷಿಯರ್ ಬಳಿ. ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದ ದಿನ ಎರಡೂ ಕೀ ಒಂದೇ ಜೇಬಿಗೆ ಸೇರುತ್ತವೆ. ವೋಚರ್ ಬರೆದವರೇ ಅದನ್ನು ಪಾಸು ಮಾಡುತ್ತಾರೆ. ಸಣ್ಣ ಶಾಖೆಗಳ ಅವ್ಯವಹಾರಕ್ಕೆ ಬಾಗಿಲು ತೆರೆಯುವುದು ಇಂಥ ದಿನಗಳಲ್ಲೇ. ಆದ್ದರಿಂದ ವ್ಯವಸ್ಥಾಪಕ, ಇಬ್ಬರು ಗುಮಾಸ್ತರು, ಒಬ್ಬ ಅಟೆಂಡರ್ ಎಂಬ ನಾಲ್ವರ ಲೆಕ್ಕವನ್ನೇ ಮೇಲೆ ಹಿಡಿದದ್ದು. ವ್ಯವಸ್ಥಾಪಕರು ಸ್ಥಳೀಯರಾದರೆ ಠೇವಣಿ ಬರುತ್ತದೆ, ಜೊತೆಗೆ ನೆಂಟರಿಷ್ಟರ ಸಾಲದ ಅರ್ಜಿಯೂ ಬರುತ್ತದೆ. ಸ್ಥಳೀಯರನ್ನೇ ನೇಮಿಸಿ, ಒಂದು ಮಿತಿ ಮೀರಿದ ಸಾಲದ ಮಂಜೂರಾತಿಯನ್ನು ಪ್ರಧಾನ ಕಚೇರಿಯಲ್ಲಿ ಉಳಿಸಿಕೊಳ್ಳುವುದು ನನಗೆ ಸರಿ ಕಾಣುತ್ತದೆ.

ಅಪಾಯಗಳ ಅಧ್ಯಾಯದಲ್ಲಿ ‘ಮಾರುಕಟ್ಟೆಯ ಏರಿಳಿತ’ ಎಂದು ಬರೆದು ಮುಗಿಸಿದರೆ ಯಾರಿಗೂ ಉಪಯೋಗವಿಲ್ಲ. ಏನು ಕೆಡಬಹುದು, ಕೆಡುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ, ಆಗ ಯಾರು ಏನು ಮಾಡಬೇಕು, ಈ ಮೂರೂ ಬೇಕು. ಚಿನ್ನದ ಸಾಲವನ್ನೇ ನೋಡಿ. ಒಡವೆ ಪರೀಕ್ಷಿಸುವ ಸರಾಫರಿಗೆ ಸಾಲದ ಮೊತ್ತದ ಮೇಲೆ ಕಮಿಷನ್ ಇದ್ದರೆ ಬೆಲೆ ಹೆಚ್ಚು ಕಟ್ಟುವ ಆಸೆ ಅಲ್ಲೇ ಹುಟ್ಟುತ್ತದೆ. ಒಬ್ಬರ ಹೆಸರಲ್ಲೇ ಮತ್ತೆ ಮತ್ತೆ ಸಾಲ, ಒಂದೇ ಬಗೆಯ ಬಳೆಗಳು, ಬಡ್ಡಿ ಕಟ್ಟದೆ ನವೀಕರಣ ಕಂಡರೆ ಎಚ್ಚರಾಗಬೇಕು. ಬೇರೊಬ್ಬ ಸರಾಫರು ಮುನ್ಸೂಚನೆಯಿಲ್ಲದೆ ಬಂದು ಮೊಹರು ಮಾಡಿದ ಪೊಟ್ಟಣಗಳನ್ನು ಬಿಚ್ಚಿ ಮರುಪರೀಕ್ಷೆ ಮಾಡುವ ಏರ್ಪಾಡು, ಅದರ ಖರ್ಚು, ಎರಡೂ ವರದಿಯಲ್ಲಿರಬೇಕು. ಠೇವಣಿದಾರರ ಭಯವೂ ಒಂದು ಅಪಾಯವೇ. ಬ್ಯಾಂಕ್ ಠೇವಣಿಗಿರುವ ಐದು ಲಕ್ಷದವರೆಗಿನ ವಿಮೆ ಪತ್ತಿನ ಸಹಕಾರಿಗಳಿಗೆ ಇಲ್ಲ. ಪಕ್ಕದ ಊರಿನ ಯಾವುದೋ ಸಂಸ್ಥೆ ಬಾಗಿಲು ಹಾಕಿದರೆ ನಮ್ಮ ಕೌಂಟರಿನ ಮುಂದೆಯೂ ಸಾಲು ಬೆಳೆಯಬಹುದು. ಆ ನೂರರಲ್ಲಿ 30ನ್ನು ಬದಿಗಿಟ್ಟದ್ದು ಅದಕ್ಕಾಗಿಯೇ. ‘ಸುಮ್ಮನೆ ಬಿದ್ದಿದೆ’ ಎಂದು ಅದಕ್ಕೆ ಕೈಹಾಕಬಾರದು.

ಶಾಖೆಯ ಬದಲು ಇನ್ನೇನು ಮಾಡಬಹುದೆಂದು ಹೇಳುವ ಅಧ್ಯಾಯವೂ ಬೇಕು. ಒಂದು ವರ್ಷ ಇಬ್ಬರು ಪಿಗ್ಮಿ ಏಜೆಂಟರನ್ನಷ್ಟೇ ಆ ಪಟ್ಟಣಕ್ಕೆ ಕಳಿಸಿ, ಪ್ರಧಾನ ಕಚೇರಿಯಿಂದಲೇ ಸೇವೆ ಕೊಟ್ಟು ನೋಡಬಹುದು. ಅವರು ತರುವ ಸಂಗ್ರಹ ಯಾವ ಸಮೀಕ್ಷೆಗಿಂತಲೂ ನೆಚ್ಚಬಹುದಾದ ಪುರಾವೆ.

ಶಿಫಾರಸು ವರದಿಯ ಮೊದಲ ಪುಟದಲ್ಲಿರಲಿ, ಆದರೆ ಬರೆಯುವುದು ಕೊನೆಗೆ. ಅದರಲ್ಲಿ ಹೌದು-ಅಲ್ಲಗಳ ಜೊತೆ ನಿಲ್ಲಿಸುವ ಷರತ್ತೂ ಇರಬೇಕು: ಹದಿನೆಂಟನೆಯ ತಿಂಗಳಿಗೆ ಹೊಸ ಠೇವಣಿ 3 ಕೋಟಿ ದಾಟದಿದ್ದರೆ, ಇಲ್ಲವೇ ಸುಸ್ತಿ ಸಾಲ ಶೇ. 5 ಮೀರಿದರೆ ಮಂಡಳಿ ಮತ್ತೆ ಕೂತು ಮುಂದುವರಿಸಬೇಕೇ ಎಂದು ತೀರ್ಮಾನಿಸಬೇಕು. ಆ ತೀರ್ಮಾನ ಕೈಯಲ್ಲಿ ಉಳಿಯಬೇಕಾದರೆ ಬಾಡಿಗೆ ಕರಾರಿನಲ್ಲಿ ‘ಐದು ವರ್ಷ ಬಿಡುವಂತಿಲ್ಲ’ ಎಂಬ ಸಾಲಿಗೆ ಒಪ್ಪದೆ, ಮೂರು ತಿಂಗಳ ನೋಟಿಸ್ ಕೊಟ್ಟು ಮುಂಗಡ ವಾಪಸು ಪಡೆಯುವ ಹಕ್ಕನ್ನು ಮೊದಲೇ ಬರೆಸಿಕೊಳ್ಳಬೇಕು.