ಐದು ಅಡಿ ಆರು ಅಂಗುಲವೆಂದರೆ 168 ಸೆಂಟಿಮೀಟರ್ ಅಲ್ಲ

ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಯುವಕನೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಲು ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಎತ್ತರ ಎಷ್ಟೆಂದು ಕೇಳಿದರೆ ‘ಐದೂ ಆರು’ ಎನ್ನುತ್ತಾನೆ. ವರಾನ್ವೇಷಣೆಯ ಚೀಟಿಯಿಂದ ಹಿಡಿದು ದರ್ಜಿಯ ಪುಸ್ತಕದವರೆಗೆ ನಮ್ಮಲ್ಲಿ ಅಡಿ, ಅಂಗುಲಗಳದ್ದೇ ರೂಢಿ. ನೇಮಕಾತಿಯಲ್ಲಿ ಮಾತ್ರ ಅಳತೆ ಸೆಂಟಿಮೀಟರಿನಲ್ಲಿ. ರಾಜ್ಯದ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಸಾಮಾನ್ಯವಾಗಿ ಪುರುಷರಿಗೆ ಕನಿಷ್ಠ 168 ಸೆಂ.ಮೀ. ಎತ್ತರ ಬೇಕು.

ಒಂದು ಅಂಗುಲ ನಿಖರವಾಗಿ 2.54 ಸೆಂ.ಮೀ.ಗೆ ಸಮ. ಅಡಿಯನ್ನು 12ರಿಂದ ಗುಣಿಸಿ, ಉಳಿದ ಅಂಗುಲಗಳನ್ನು ಕೂಡಿಸಿ, ಬಂದ ಮೊತ್ತವನ್ನು 2.54ರಿಂದ ಗುಣಿಸಬೇಕು. ಐದು ಅಡಿ ಆರು ಅಂಗುಲವೆಂದರೆ 66 ಅಂಗುಲ, ಅಂದರೆ 167.64 ಸೆಂ.ಮೀ. ಕನಿಷ್ಠ ಮಿತಿಗೆ ಸುಮಾರು ಮೂರೂವರೆ ಮಿಲಿಮೀಟರ್ ಕಡಿಮೆ! ದಶಮಾಂಶವನ್ನು ಕೈಬಿಟ್ಟು 168 ಎಂದು ಬರೆದರೆ ಅರ್ಜಿ ಸ್ವೀಕೃತವಾದೀತು, ಮೈದಾನದ ಅಳತೆಗೋಲು ಒಪ್ಪಲಾರದು.

ಇದಕ್ಕಿಂತ ದೊಡ್ಡ ತಪ್ಪು ‘5.6’ ಎಂದು ಬೆರಳಚ್ಚಿಸುವುದರಲ್ಲಿದೆ. ಬರೆದವನಿಗೆ ಆ ಚುಕ್ಕೆ ಅಡಿ ಮತ್ತು ಅಂಗುಲಗಳ ನಡುವಿನ ಗಡಿ. ಗಣಕಯಂತ್ರಕ್ಕೆ ಅದು ದಶಮಾಂಶ. 5.6ನ್ನು 30.48ರಿಂದ ಗುಣಿಸಿದರೆ 170.69 ಬರುತ್ತದೆ. ಮೂರು ಸೆಂಟಿಮೀಟರ್ ಪುಕ್ಕಟೆಯಾಗಿ ಬೆಳೆದಂತಾಯಿತು. ‘5.10’ರ ಗತಿ ಇನ್ನೂ ಕೆಟ್ಟದ್ದು. ಎಕ್ಸೆಲ್ ಕೊನೆಯ ಸೊನ್ನೆಯನ್ನು ನುಂಗಿ 5.1 ಎಂದು ಉಳಿಸಿಕೊಳ್ಳುತ್ತದೆ. 177.8 ಸೆಂ.ಮೀ. ಎತ್ತರದ ಆಳು ಐದು ಅಡಿ ಒಂದು ಅಂಗುಲದವನಾಗುತ್ತಾನೆ. ಒಮ್ಮೆ ಹೋದ ಸೊನ್ನೆಯನ್ನು ಹಾಳೆ ನೋಡಿ ಮರಳಿ ಪಡೆಯಲಾಗದು, ಮೂಲ ಕಾಗದವನ್ನೇ ಹುಡುಕಬೇಕು. ‘5-6’ ಎಂದು ಬರೆದರೆ ಅದು ದಿನಾಂಕವಾಗಿಬಿಡುತ್ತದೆ. ಗುಣಿಸಿದಾಗ ಎತ್ತರ ಹದಿಮೂರು ಲಕ್ಷ ಸೆಂಟಿಮೀಟರ್ ದಾಟುವುದರಿಂದ ಆ ತಪ್ಪಾದರೂ ಕಣ್ಣಿಗೆ ಬೀಳುತ್ತದೆ.

ಹೀಗಾಗಿ ಅನೇಕರ ಎತ್ತರವನ್ನು ಪಟ್ಟಿ ಮಾಡುವ ಶಾಲೆ, ತರಬೇತಿ ಕೇಂದ್ರಗಳವರು ಅಡಿಗೊಂದು, ಅಂಗುಲಕ್ಕೊಂದು ಕಾಲಂ ಇಡುವುದೇ ಲೇಸು. ಈಗಾಗಲೇ 5'6" ಎಂಬ ರೂಪದಲ್ಲಿ ಬರೆದಿದ್ದರೆ, A2 ಸೆಲ್‌ನಲ್ಲಿರುವ ಆ ಪಠ್ಯವನ್ನು ಒಂಟಿ ಗುರುತಿನ ಬಳಿ ಎರಡಾಗಿ ಸೀಳಿ, ಜೋಡಿ ಗುರುತನ್ನು ಅಳಿಸಿ ಲೆಕ್ಕ ಹಾಕಲು ಈ ಸೂತ್ರ ಸಾಕು:

```
=LEFT(A2,FIND("'",A2)-1)*30.48
 +SUBSTITUTE(MID(A2,FIND("'",A2)+1,9),"""","")*2.54
```

ಉತ್ತರ 167.64 ಬರಬೇಕು. ಮೊಬೈಲಿನಿಂದ ನಕಲಿಸಿದ ಪಠ್ಯದಲ್ಲಿ ಗುರುತು ಬಾಗಿದ ರೂಪದಲ್ಲಿ (’) ಇದ್ದರೆ, ಅಥವಾ ಅಂಗುಲವನ್ನೇ ಬರೆಯದೆ 6' ಎಂದಷ್ಟೇ ಇದ್ದರೆ #VALUE! ಎಂಬ ದೋಷ ಕಾಣಿಸುತ್ತದೆ. ಮೌನವಾಗಿ ತಪ್ಪು ಸಂಖ್ಯೆ ಕೊಡುವುದಕ್ಕಿಂತ ಇದೇ ವಾಸಿ. ಬಾಗಿದ ಗುರುತನ್ನು ನೇರವಾಗಿಸಿ, 6' ಇದ್ದಲ್ಲಿ 6'0" ಎಂದು ತುಂಬಿದರೆ ಸರಿಹೋಗುತ್ತದೆ. ಅಂಗುಲದ ಭಾಗ 12 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೂತ್ರ ತಕರಾರು ಮಾಡದು. ಅಂಥ ಸಾಲುಗಳನ್ನು ಕಣ್ಣಾರೆ ನೋಡಿಯೇ ತಿದ್ದಬೇಕು.

ಕೊಣ್ಣೂರಿನ ಯುವಕನಿಗೆ ಮಾತ್ರ ಸೂತ್ರಕ್ಕಿಂತ ಗೋಡೆಯೇ ಉಪಯುಕ್ತ. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಸೆಂಟಿಮೀಟರ್ ಟೇಪಿನಿಂದಲೇ ಅಳೆಸಿಕೊಂಡು, ಬಳಿಕ ಅರ್ಜಿ ತುಂಬಬಹುದು. ‘ಐದೂ ಆರು’ ಎಂಬುದು ಬಹುಪಾಲು ಅಂದಾಜಿನ ಮಾತು. ನಿಜವಾದ ಎತ್ತರ ಅರ್ಧ ಅಂಗುಲ ಹೆಚ್ಚಿದ್ದರೆ ಅದು 168.91 ಸೆಂ.ಮೀ. ಆಗುತ್ತದೆ.