ಒಂದು ಬಕೆಟ್ ನೀರಿನಲ್ಲಿ ಬಟ್ಟೆ ಒಗೆಯುವ ಲೆಕ್ಕ

ಮಕ್ಕಳೇ, ನೀವು ಓದಲೆಂದು ಬೆಂಗಳೂರಿನ ಚಿಕ್ಕಪೇಟೆಯ ಪಕ್ಕದ ಸುಲ್ತಾನ್‌ಪೇಟೆಗೆ ಬಂದು, ಹಾಸ್ಟೆಲಿನಲ್ಲಿ ಉಳಿದಿದ್ದೀರಿ ಎಂದುಕೊಳ್ಳಿ. ಅಮ್ಮ ಜೊತೆಯಲ್ಲಿಲ್ಲ. ಬಟ್ಟೆಯನ್ನು ನೀವೇ ಕೊಳ್ಳಬೇಕು, ನೀವೇ ಒಗೆಯಬೇಕು. ಒಗೆಯಲು ಸಿಗುವ ನೀರೂ ಕಡಿಮೆ. ಏನು ಮಾಡುವಿರಿ?

ಮೊದಲು ಬಟ್ಟೆಯ ಆಯ್ಕೆ. ಹತ್ತಿಯ ನೂಲು ನೀರನ್ನು ಚೆನ್ನಾಗಿ ಹೀರುತ್ತದೆ. ಆದ್ದರಿಂದ ಬೆವರಿಗೆ ಹಿತ, ಆದರೆ ಒಣಗುವುದು ನಿಧಾನ, ಸುಕ್ಕೂ ಹೆಚ್ಚು. ಪಾಲಿಯೆಸ್ಟರ್ ನೂಲು ನೀರನ್ನು ಹೀರುವುದೇ ಇಲ್ಲವೆನ್ನಬಹುದು. ಬೇಗ ಒಣಗುತ್ತದೆ, ಆದರೆ ಸೆಕೆಯಲ್ಲಿ ಮೈಗೆ ಅಂಟುತ್ತದೆ. ಎರಡನ್ನೂ ಬೆರೆಸಿ ನೇಯ್ದದ್ದೇ ಟೆರಿಕಾಟ್. ಶಾಲೆಯ ಅಂಗಿಗೆ ಇದು ಅನುಕೂಲ. ಒಳಉಡುಪಿಗೆ ಮಾತ್ರ ಹತ್ತಿಯೇ ಇರಲಿ. ಮೈ ಒರೆಸಲು ದಪ್ಪ ಟವೆಲ್ಲಿಗಿಂತ ತೆಳುವಾದ ಹತ್ತಿಯ ಪಂಚೆ ಬೇಗ ಒಣಗುತ್ತದೆ.

ಇನ್ನು ನೀರು. ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಮೊಸರಿನಂಥ ಗಸಿಯಾಗುತ್ತವೆ. ನೊರೆ ಬರುವುದಿಲ್ಲ, ಗಸಿ ಬಟ್ಟೆಗೆ ಅಂಟಿ ಬಿಳಿ ಅಂಗಿ ಮಂಕಾಗುತ್ತದೆ. ಬಾಟಲಿಯಲ್ಲಿ ಅರ್ಧ ನೀರು, ಚೂರು ಸೋಪು ಹಾಕಿ ಕುಲುಕಿ ನೋಡಿ. ನೊರೆ ನಿಲ್ಲದಿದ್ದರೆ ಆ ನೀರಿಗೆ ಡಿಟರ್ಜೆಂಟ್ ಪುಡಿಯೇ ಸರಿ. ಅದು ಅಂಥ ಗಸಿ ಕಟ್ಟುವುದಿಲ್ಲ.

ಅರ್ಧ ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ಪುಡಿ ಹಾಕಿ ಪೂರ್ತಿ ಕರಗಿಸಿ. ಎರಡು ಅಂಗಿಗಳನ್ನು 20 ನಿಮಿಷ ನೆನೆಹಾಕಿ. ಕಾಲರಿನ, ತೋಳಿನ ತುದಿಯ ಕೊಳೆಯನ್ನು ಕೈಯಿಂದ ಉಜ್ಜಿ. ಬಿಳಿಯದು ಮೊದಲು, ಬಣ್ಣದ್ದು ಕಡೆಗೆ. ಹೊಸ ಬಣ್ಣದ ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ಚಿಂದಿಯಿಂದ ಒತ್ತಿ ನೋಡಿ. ಬಣ್ಣ ಅಂಟಿದರೆ ಅದನ್ನು ಬೇರೆಯಾಗಿಯೇ ಒಗೆಯಬೇಕು.

ಈಗ ಜಾಲಿಸುವ ಲೆಕ್ಕ. ಹಿಂಡಿದ ಬಟ್ಟೆಯಲ್ಲಿ ಅರ್ಧ ಲೀಟರ್ ಸೋಪುನೀರು ಉಳಿದಿದೆ, ನಿಮ್ಮ ಬಳಿ 10 ಲೀಟರ್ ಒಳ್ಳೆಯ ನೀರಿದೆ ಎನ್ನಿ. ಅಷ್ಟನ್ನೂ ಒಮ್ಮೆಲೇ ಸುರಿದು ಜಾಲಿಸಿ ಹಿಂಡಿದರೆ ಸೋಪಿನ 21ರಲ್ಲಿ ಒಂದು ಪಾಲು ಉಳಿಯುತ್ತದೆ. ಅದೇ ನೀರನ್ನು 5 ಲೀಟರಿನಂತೆ ಎರಡು ಸಲ ಬಳಸಿ, ನಡುವೆ ಹಿಂಡಿದರೆ? ಮೊದಲ ಸಲಕ್ಕೆ 11ರಲ್ಲಿ ಒಂದು ಪಾಲು, ಎರಡನೆಯ ಸಲಕ್ಕೆ ಅದರ 11ರಲ್ಲಿ ಒಂದು ಪಾಲು. ಅಂದರೆ 121ರಲ್ಲಿ ಒಂದೇ ಪಾಲು! ನೂಲು ಸ್ವಲ್ಪ ಸೋಪನ್ನು ಹಿಡಿದಿಟ್ಟುಕೊಳ್ಳುವುದರಿಂದ ನಿಜದಲ್ಲಿ ಇದಕ್ಕಿಂತ ತುಸು ಹೆಚ್ಚೇ ಉಳಿಯಬಹುದು. ಆದರೂ ಎರಡನೆಯ ವಿಧಾನವೇ ಲಾಭ. ಹಿಂಡದೆ ಜಾಲಿಸಿದರೆ ಈ ಲಾಭ ಸಿಗದು. ಒಣಗಿದ ಅಂಗಿ ಬಿರುಸಾಗಿ ಮೈ ತುರಿಸಿದರೆ ಸೋಪು ಉಳಿದಿರಬಹುದು.

ಕಡೆಯ ಸಲ ಟೆರಿಕಾಟ್ ಅಂಗಿಯನ್ನು ತಿರುಚಬೇಡಿ. ಕೊಡವಿ, ಗುಂಡಿ ಹಾಕಿ, ಹ್ಯಾಂಗರಿಗೆ ತೂಗುಹಾಕಿ. ನೀರಿನ ಭಾರವೇ ಸುಕ್ಕನ್ನು ಎಳೆಯುತ್ತದೆ, ಇಸ್ತ್ರಿಯ ಖರ್ಚು ಉಳಿಯುತ್ತದೆ. ಎರಡು ಬಟ್ಟೆಗಳ ನಡುವೆ ಗಾಳಿಯಾಡಲು ನಾಲ್ಕು ಬೆರಳು ಜಾಗವಿರಲಿ. ಒತ್ತಾಗಿ ಹಾಕಿದ ಬಟ್ಟೆ ತೇವ ಆರದೆ ಮುಗ್ಗಲು ವಾಸನೆ ಬರುತ್ತದೆ. ಆ ವಾಸನೆ ಬ್ಯಾಕ್ಟೀರಿಯಾಗಳ ಕೆಲಸ. ಬಿಸಿಲು ಬೀಳದ ಓಣಿಯಲ್ಲೂ ಗಾಳಿಯಿದ್ದರೆ ಬಟ್ಟೆ ಒಣಗುತ್ತದೆ.