ನೂರು ಮಿಡಿಗೆ ಒಂದೂವರೆ ಪಾವು ಉಪ್ಪು

ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಮಾವಿನ ಮಿಡಿಯ ಲೆಕ್ಕ ನೂರು, ಸಾವಿರದಲ್ಲಿ. ಉಪ್ಪಿನಕಾಯಿಯ ಅಳತೆಯೂ ನೂರು ಮಿಡಿಗೆ ಇಷ್ಟು ಎಂದೇ ಶುರುವಾಗುತ್ತದೆ. ಇಲ್ಲಿ ಹೇಳುತ್ತಿರುವುದು ಸಣ್ಣ ಗಾತ್ರದ ಜೀರಿಗೆ ಮಿಡಿಯ ಅಳತೆ. ನೂರು ಮಿಡಿ ಸುಮಾರು ಒಂದೂವರೆ ಕಿಲೋ ತೂಗುತ್ತವೆ.

ಕೆಲಸ ಅರ್ಧ ಕೆಡುವುದು ಮಿಡಿ ಆರಿಸುವಾಗಲೇ. ಮರದಿಂದ ಉದುರಿ ಪೆಟ್ಟುಬಿದ್ದ ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ, ಪಕ್ಕದವನ್ನೂ ಕೆಡಿಸುತ್ತದೆ. ಕೈಯಿಂದ ಕೊಯ್ದು, ತೊಟ್ಟು ಉಳಿಸಿಕೊಂಡಿದ್ದೇ ಆಗಬೇಕು. ಒಂದರ ತೊಟ್ಟು ಮುರಿದು ಮೂಸಿ ನೋಡಿ: ಸೊನೆ ಚಿಮ್ಮಬೇಕು, ಜೀರಿಗೆಯ ಪರಿಮಳ ಬರಬೇಕು. ಆ ಪರಿಮಳ ಇರುವುದೇ ಸೊನೆಯಲ್ಲಿ. ಆದ್ದರಿಂದ ಉಳಿದವುಗಳ ತೊಟ್ಟನ್ನು ಬುಡದವರೆಗೆ ಕೀಳಬೇಡಿ, ಕಾಲು ಇಂಚು ಬಿಡಿ. ಒಂದನ್ನು ಸೀಳಿದರೆ ಒಳಗಿನ ಗೊರಟು ಉಗುರಿಗೆ ಸಿಕ್ಕುವಷ್ಟು ಎಳತಾಗಿರಬೇಕು.

ಮಿಡಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಪೂರ್ತಿ ಆರಿಸಿ. ಒಣಗಿದ ಭರಣಿಗೆ ಒಂದು ಪದರ ಕಲ್ಲುಪ್ಪು, ಒಂದು ಪದರ ಮಿಡಿ ಹಾಕುತ್ತ ಹೋಗಿ. ಒಟ್ಟು ಉಪ್ಪು ಒಂದೂವರೆ ಪಾವು. ಪಾವೆಂದರೆ ಸೇರಿನ ಕಾಲುಭಾಗ. ಪುಡಿ ಉಪ್ಪನ್ನು ಅದೇ ಪಾವಿನಲ್ಲಿ ಅಳೆಯಬಾರದು; ಅದು ಒತ್ತಾಗಿ ಕೂರುವುದರಿಂದ ಉಪ್ಪು ಹೆಚ್ಚಾಗುತ್ತದೆ. ದಿನಕ್ಕೊಮ್ಮೆ ಭರಣಿ ಕುಲುಕಿ. ಉಪ್ಪು ಮಿಡಿಯ ನೀರನ್ನು ಎಳೆದುಕೊಂಡು ಕರಗುತ್ತದೆ, ಹತ್ತು ಹನ್ನೆರಡು ದಿನದಲ್ಲಿ ಮಿಡಿ ಚಿರುಟುತ್ತದೆ. ನುಣುಪಾಗಿಯೇ ಉಳಿದವು ಬಹಳವಿದ್ದರೆ ಇನ್ನೆರಡು ದಿನ ಕಾಯಿರಿ.

ಆಮೇಲೆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ತಣಿಸಿ. ಈ ತಣಿಸುವುದರಲ್ಲಿ ಅವಸರ ಕೂಡದು. ಸಾಸಿವೆಯ ಘಾಟು ಹುಟ್ಟುವುದು ತಣ್ಣಗಿನ ನೀರಿನಲ್ಲಿ ಅರೆದಾಗ. ಬಿಸಿ ನೀರು ತಾಗಿದರೆ ಘಾಟು ಏಳದೆ ಕಹಿಯಷ್ಟೇ ಉಳಿಯುತ್ತದೆ. ಸಾಸಿವೆಯನ್ನು ಹುರಿಯದೆ ಬಿಸಿಲಿಗೆ ಹಾಕಿದರೆ ಸಾಕು ಎನ್ನುವುದೂ ಇದಕ್ಕೇ. ಅರ್ಧ ಪಾವು ಸಾಸಿವೆ, ಎಣ್ಣೆಯಿಲ್ಲದೆ ಬೆಚ್ಚಗೆ ಮಾಡಿದ ನೂರು ಗ್ರಾಂ ಬ್ಯಾಡಗಿ ಮೆಣಸು, ಎರಡು ಚಮಚ ಅರಿಶಿನ, ಅರ್ಧ ಅಡಿಕೆ ಗಾತ್ರದ ಇಂಗು. ಇವಿಷ್ಟನ್ನು ಆ ಉಪ್ಪುನೀರು ಹಾಕುತ್ತ ನುಣ್ಣಗೆ ಅರೆಯಿರಿ. ಕೆಲವು ಮನೆಗಳಲ್ಲಿ ಮೆಂತ್ಯ, ಲವಂಗವೂ ಬೀಳುತ್ತವೆ. ಜೀರಿಗೆ ಮಿಡಿಗೆ ಅವು ಬೇಡವೆಂಬುದು ನನ್ನ ಅಭಿಪ್ರಾಯ. ಮಿಡಿಯದೇ ಪರಿಮಳ ಅಡಗಿಹೋಗುತ್ತದೆ.

ಅರೆದ ಮಸಾಲೆ, ಮಿಡಿ, ಉಳಿದ ಉಪ್ಪುನೀರು ಬೆರೆಸಿ ಭರಣಿಗೆ ತುಂಬಿ. ಮಿಡಿ ರಸದಲ್ಲಿ ಮುಳುಗಿರಲೇಬೇಕು. ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿದರೆ ತೆಗೆದುಹಾಕಿ. ಮಿಡಿ ಲೊಳಲೊಳ ಆಗಿ ನಾತ ಬಂದರೆ ಅದನ್ನು ಉಳಿಸಲಾಗದು. ತಿಂಗಳು ಕಳೆದ ಮೇಲೆ ಒಣಗಿದ ಸೌಟಿನಲ್ಲಿ ತೆಗೆಯಿರಿ. ಮಸಾಲೆ ಬೆರೆಸುವ ಮೊದಲೇ ಹತ್ತಿಪ್ಪತ್ತು ಉಪ್ಪುಮಿಡಿಯನ್ನು ಬೇರೆ ಸೀಸೆಯಲ್ಲಿ ಎತ್ತಿಟ್ಟರೆ ಮಳೆಗಾಲದ ಅಪ್ಪೆಹುಳಿಗೆ ಆದೀತು.